ಮಾರ್ಗದರ್ಶಕರ ಭೇಟಿಯ ಮರುದಿನ ಬರೆಯಬೇಕಾದ ಇಮೇಲ್

ಸಂಶೋಧನಾ ವಿದ್ಯಾರ್ಥಿಯೊಬ್ಬರು ಮಾರ್ಗದರ್ಶಕರ ಕೊಠಡಿಯಲ್ಲಿ ಮುಕ್ಕಾಲು ಗಂಟೆ ಕುಳಿತು ಪ್ರಬಂಧದ ದಿಕ್ಕನ್ನು ಚರ್ಚಿಸಿ ಹೊರಗೆ ಬಂದಾಗ, ಆ ಚರ್ಚೆ ಇಬ್ಬರ ನೆನಪಿನಲ್ಲೂ ಉಳಿದಿರುತ್ತದೆ, ಆದರೆ ಇಬ್ಬರಲ್ಲೂ ಒಂದೇ ರೀತಿಯಲ್ಲಿ ಉಳಿದಿರುವುದಿಲ್ಲ. ವಿದ್ಯಾರ್ಥಿಗೆ ಅದು ವಾರಗಳಿಂದ ಕಾದು ದೊರೆತ ಭೇಟಿ, ಆದ್ದರಿಂದ ಪ್ರತಿ ಮಾತೂ ತೀರ್ಮಾನದಂತೆ ಕೇಳಿಸಿರುತ್ತದೆ. ಮಾರ್ಗದರ್ಶಕರಿಗೆ ಅದು ಆ ದಿನದ ಹಲವು ಭೇಟಿಗಳಲ್ಲಿ ಒಂದು. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8 ಮಂದಿಗೆ, ಸಹ ಪ್ರಾಧ್ಯಾಪಕರು 6 ಮಂದಿಗೆ, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾರ್ಗದರ್ಶನ ಮಾಡಬಹುದು. ಎಂಟು ಪ್ರಬಂಧಗಳ ದಾರಿಯನ್ನು ತಲೆಯಲ್ಲಿಟ್ಟುಕೊಂಡು, ಪಾಠ ಮತ್ತು ಮೌಲ್ಯಮಾಪನದ ನಡುವೆ ಸಮಯ ಮಾಡಿಕೊಂಡು ಮಾತಾಡುವವರು, ಎರಡು ತಿಂಗಳ ನಂತರ ‘ನಾನು ಹಾಗೆ ಹೇಳಿದ್ದೆನೇ?’ ಎಂದು ಕೇಳಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಭೇಟಿಯ ಮರುದಿನ ಬರೆಯುವ ಇಮೇಲ್ ಈ ಎರಡು ನೆನಪುಗಳನ್ನು ಒಂದೇ ಬರಹಕ್ಕೆ ತರುವ ಕೆಲಸ ಮಾಡುತ್ತದೆ. ಹಲವರು ಇದನ್ನು ಧನ್ಯವಾದದ ಪತ್ರವೆಂದೋ, ಸಭೆಯ ನಡಾವಳಿಯೆಂದೋ ಭಾವಿಸಿ ಬರೆಯುತ್ತಾರೆ. ಧನ್ಯವಾದಕ್ಕೆ ಒಂದು ವಾಕ್ಯ ಸಾಕು. ಇನ್ನು ನಡಾವಳಿಯಲ್ಲಿ ಆಡಿದ ಮಾತೆಲ್ಲ ಆಡಿದ ಕ್ರಮದಲ್ಲಿ ಬರುತ್ತದೆ, ಅದನ್ನು ಪೂರ್ತಿ ಓದುವವರು ವಿರಳ. ಈ ಇಮೇಲ್‌ನಲ್ಲಿ ಇರಬೇಕಾದದ್ದು ಪ್ರತಿ ಅಂಶಕ್ಕೂ ಎಷ್ಟು ಗಟ್ಟಿಯಾದ ಒಪ್ಪಿಗೆ ದೊರೆತಿದೆ ಎಂಬ ವಿವರ: ಯಾವುದು ತೀರ್ಮಾನವಾಯಿತು, ಯಾವುದು ಷರತ್ತಿನ ಮೇಲೆ ನಿಂತಿದೆ, ಯಾವುದು ಬರೀ ಸಲಹೆಯಾಗಿ ಬಂದುಹೋಯಿತು, ಯಾವುದು ಭೇಟಿಯಲ್ಲಿ ಬಾರದೆ ವಿದ್ಯಾರ್ಥಿಗೆ ಆಮೇಲೆ ಹೊಳೆಯಿತು. ಈ ನಾಲ್ಕನ್ನೂ ಒಂದೇ ಧಾಟಿಯಲ್ಲಿ ಬರೆದುಬಿಟ್ಟರೆ ಇಮೇಲ್ ಎಷ್ಟೇ ವಿನಯದಿಂದ ಕೂಡಿದ್ದರೂ ತಪ್ಪು ದಾಖಲೆಯಾಗುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ವಿದ್ಯಾರ್ಥಿನಿ ಮತ್ತು ಮಾರ್ಗದರ್ಶಕಿ ಇಬ್ಬರೂ ಈ ಲೇಖನಕ್ಕಾಗಿ ಕಲ್ಪಿಸಿಕೊಂಡವರು, ಸಂಶೋಧನೆಯ ವಿಷಯ ಮಾತ್ರ ನಿಜವಾದದ್ದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೋಲಾರ ಭಾಗದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್ ನೀರು ಮತ್ತು 126 ಕೆರೆಗಳು. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಿತು. ನಮ್ಮ ವಿದ್ಯಾರ್ಥಿನಿ ಭೂಗೋಳಶಾಸ್ತ್ರ ವಿಭಾಗದವರು. ‘ಕೆ.ಸಿ. ವ್ಯಾಲಿ ಯೋಜನೆಯಿಂದ ಕೋಲಾರದ ಅಂತರ್ಜಲ, ಕೃಷಿ ಮತ್ತು ಜನಾರೋಗ್ಯದ ಮೇಲಾದ ಪರಿಣಾಮ’ ಎಂಬ ವಿಶಾಲವಾದ ವಿಷಯವನ್ನು ಹೊತ್ತು ಮಾರ್ಗದರ್ಶಕಿಯ ಬಳಿಗೆ ಹೋಗಿದ್ದಾರೆ.

ಇದು ಮೂರು ಪ್ರಬಂಧಗಳ ವಿಷಯ ಎಂದು ಮಾರ್ಗದರ್ಶಕಿ ಮೊದಲ ಐದು ನಿಮಿಷದಲ್ಲೇ ಹೇಳಿದರು. ನೀರಿನ ಗುಣಮಟ್ಟ, ತರಕಾರಿಗಳಲ್ಲಿ ಲೋಹದ ಅಂಶ, ಆರೋಗ್ಯ ಇವೆಲ್ಲಕ್ಕೂ ಪ್ರಯೋಗಾಲಯದ ಖರ್ಚು ಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ಅಧ್ಯಯನಕ್ಕೆ ಆರಿಸಿದ ಬಾವಿಗಳಿಂದ ನೀರು ಬರುವುದಕ್ಕೆ ಮೊದಲು ತೆಗೆದ ಮಾದರಿಗಳು ವಿದ್ಯಾರ್ಥಿನಿಯ ಬಳಿ ಇಲ್ಲ, ಈಗ ಹಿಂದಕ್ಕೆ ಹೋಗಿ ತೆಗೆಯಲೂ ಆಗದು. ಹಾಗಾಗಿ ಅಂತರ್ಜಲ ಮಟ್ಟ ಒಂದನ್ನೇ ಉಳಿಸಿಕೊಳ್ಳುವುದೆಂದಾಯಿತು. ಅಲ್ಲಿಂದ ಮಾತು ಮಳೆಯ ಕಡೆ ತಿರುಗಿತು, ಭೇಟಿಯ ಬಹುಪಾಲು ಸಮಯ ಹೋದದ್ದೂ ಅಲ್ಲೇ.

ಮಳೆಯ ತೊಡಕನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಇಮೇಲ್‌ನ ಒಂದು ಮುಖ್ಯ ಅಂಶ ಅದರ ಮೇಲೆ ನಿಂತಿದೆ. ಕೆರೆಗಳಿಗೆ ನೀರು ಬಂದ ನಂತರದ ವರ್ಷಗಳಲ್ಲಿ, ವಿಶೇಷವಾಗಿ 2021ರ ಕೊನೆಯಲ್ಲಿ, ಕೋಲಾರದಲ್ಲಿ ಅಪಾರ ಮಳೆಯಾಗಿ ಬಹುಕಾಲ ಬತ್ತಿದ್ದ ಕೆರೆಗಳೂ ಕೋಡಿ ಹರಿದವು. ಆದ್ದರಿಂದ 2018ಕ್ಕೆ ಮೊದಲಿನ ಮತ್ತು ನಂತರದ ನೀರಿನ ಮಟ್ಟವನ್ನು ಬರಿದೆ ಹೋಲಿಸಿದರೆ, ಏರಿಕೆಯಲ್ಲಿ ಯೋಜನೆಯ ಪಾಲೆಷ್ಟು, ಮಳೆಯ ಪಾಲೆಷ್ಟು ಎಂಬುದು ತಿಳಿಯುವುದಿಲ್ಲ. ಯೋಜನೆಯ ನೀರು ತುಂಬಿದ ಕೆರೆಗಳ ಜೊತೆಗೆ, ಅದೇ ಸೀಮೆಯಲ್ಲಿದ್ದೂ ಆ ನೀರು ಬಾರದ ಕೆರೆಗಳನ್ನು ಇಟ್ಟು ನೋಡುವುದು ಇದಕ್ಕೆ ಪರಿಹಾರ. ಲೆಕ್ಕಕ್ಕಾಗಿ ಕೆಲವು ಕಲ್ಪಿತ ಅಂಕಿಗಳನ್ನು ಹಿಡಿಯೋಣ. ನೀರು ತುಂಬಿದ ಕೆರೆಗಳ ಬಳಿ ಬಾವಿಯ ನೀರು 30 ಮೀಟರ್ ಆಳದಿಂದ 12 ಮೀಟರಿಗೆ ಏರಿದೆ, ಅಂದರೆ ಏರಿಕೆ 18 ಮೀಟರ್. ನೀರು ತುಂಬದ ಕೆರೆಗಳ ಬಳಿ 31ರಿಂದ 19ಕ್ಕೆ ಏರಿದೆ, ಅಂದರೆ 12 ಮೀಟರ್. ಎರಡೂ ಕಡೆ ಒಂದೇ ಬಗೆಯ ಮಳೆ ಬಿದ್ದಿದ್ದರೆ ಆ 12 ಮೀಟರ್ ಮಳೆಯದ್ದು, ಉಳಿದ 6 ಮೀಟರಿಗಷ್ಟೇ ಯೋಜನೆ ಕಾರಣವೆಂದು ವಾದಿಸಬಹುದು. ಹೋಲಿಕೆಯ ಕೆರೆಗಳಿಲ್ಲದೆ ಹೋಗಿದ್ದರೆ ವಿದ್ಯಾರ್ಥಿನಿ 18 ಮೀಟರನ್ನೂ ಯೋಜನೆಯ ಲೆಕ್ಕಕ್ಕೆ ಬರೆದುಬಿಡುತ್ತಿದ್ದರು.

ಭೇಟಿಯ ಉಳಿದ ಸಮಯದಲ್ಲಿ ಅವಧಿಯ ಬಗ್ಗೆ, ರೈತರ ಸಂದರ್ಶನದ ಬಗ್ಗೆ, ದತ್ತಾಂಶ ಕೋರಿ ಬರೆಯಬೇಕಾದ ಪತ್ರದ ಬಗ್ಗೆ ಒಂದೆರಡು ಮಾತುಗಳಾದವು. ವಿದ್ಯಾರ್ಥಿನಿ ಹೊರಬಂದೊಡನೆ ಪಡಸಾಲೆಯ ಬೆಂಚಿನಲ್ಲೇ ಕುಳಿತು ಕೇಳಿದ ಮಾತುಗಳನ್ನು ಕೇಳಿದ ಹಾಗೆಯೇ ಗುರುತು ಹಾಕಿಕೊಂಡರು. ‘ಮೇಡಂ: ಸಂದರ್ಶನ ನೋಡೋಣ, ಕೊನೆಗೆ’ ಎಂದು ಬರೆದುಕೊಂಡಿದ್ದರೆ ಮರುದಿನ ಅದು ಸಂದರ್ಶನಕ್ಕೆ ಒಪ್ಪಿಗೆಯಲ್ಲ ಎಂಬುದು ಸ್ಪಷ್ಟವಾಗಿರುತ್ತದೆ. ‘ಸಂದರ್ಶನ’ ಎಂದಷ್ಟೇ ಬರೆದುಕೊಂಡಿದ್ದರೆ ಆ ಮಾತಿನ ತೂಕ ರಾತ್ರಿ ಕಳೆಯುವುದರೊಳಗೆ ಬದಲಾಗಿರುತ್ತದೆ. ಇಮೇಲ್ ಬರೆಯಲು ಒಂದು ದಿನ ತೆಗೆದುಕೊಳ್ಳಬಹುದು, ಗುರುತು ಹಾಕಿಕೊಳ್ಳುವುದನ್ನು ಮಾತ್ರ ಸಂಜೆಗೆ ಮುಂದೂಡಬಾರದು.

ಮರುದಿನ ಆಕೆ ಕಳುಹಿಸಿದ ಇಮೇಲ್ ಹೀಗಿದೆ.

> ವಿಷಯ: ಪಿಎಚ್.ಡಿ. ಪ್ರಬಂಧ – ಜೂನ್ 12ರ ಚರ್ಚೆಯ ಸಾರ. ಎರಡು ಅಂಶಗಳಿಗೆ ತಮ್ಮ ಉತ್ತರ ಬೇಕಿದೆ
>
> ಗೌರವಾನ್ವಿತ ಮೇಡಂ ಅವರಿಗೆ ನಮಸ್ಕಾರಗಳು.
>
> ನಿನ್ನೆ ತಾವು ಸಮಯ ನೀಡಿ ಪ್ರಬಂಧದ ವ್ಯಾಪ್ತಿಯನ್ನು ಚರ್ಚಿಸಿದ್ದಕ್ಕೆ ಕೃತಜ್ಞಳಾಗಿದ್ದೇನೆ. ನಾನು ಅರ್ಥಮಾಡಿಕೊಂಡಂತೆ ಚರ್ಚೆಯ ಸಾರವನ್ನು ಕೆಳಗೆ ಬರೆದಿದ್ದೇನೆ. ಎಲ್ಲಿಯಾದರೂ ತಪ್ಪಾಗಿ ಗ್ರಹಿಸಿದ್ದರೆ ತಿದ್ದಬೇಕೆಂದು ಕೋರುತ್ತೇನೆ. 3 ಮತ್ತು 5ನೇ ಅಂಶಗಳಿಗೆ ತಮ್ಮ ಉತ್ತರ ಬೇಕಿದೆ.
>
> ಪ್ರಬಂಧದ ಪ್ರಶ್ನೆ ಈಗ ಹೀಗಿದೆ: ಕೆ.ಸಿ. ವ್ಯಾಲಿ ಯೋಜನೆಯ ನೀರು ತುಂಬಿದ ಕೋಲಾರ ತಾಲ್ಲೂಕಿನ ಕೆರೆಗಳ ಸುತ್ತಲಿನ ಬಾವಿಗಳಲ್ಲಿ ಅಂತರ್ಜಲ ಮಟ್ಟವು, ಅದೇ ತಾಲ್ಲೂಕಿನಲ್ಲಿ ಆ ನೀರು ಬಾರದ ಕೆರೆಗಳ ಸುತ್ತಲಿನ ಬಾವಿಗಳಿಗಿಂತ ಹೆಚ್ಚು ಏರಿದೆಯೇ, ಏರಿದ್ದರೆ ಎಷ್ಟು?
>
> 1. ತೀರ್ಮಾನವಾದದ್ದು: ನೀರಿನ ಗುಣಮಟ್ಟ, ಬೆಳೆ ಮತ್ತು ಆರೋಗ್ಯ ಈ ಮೂರನ್ನೂ ಪ್ರಬಂಧದಿಂದ ಕೈಬಿಡುವುದು. ಕಾರಣ: ಆರಿಸಿದ ಬಾವಿಗಳಿಂದ 2018ಕ್ಕೆ ಮೊದಲು ತೆಗೆದ ಮಾದರಿಗಳು ನಮ್ಮಲ್ಲಿ ಇಲ್ಲ.
>
> 2. ತೀರ್ಮಾನವಾದದ್ದು: ನೀರು ತುಂಬಿದ ಮತ್ತು ತುಂಬದ ಕೆರೆಗಳನ್ನು ಹೋಲಿಸುವುದು; ಎರಡೂ ಗುಂಪಿನಲ್ಲಿ ಕೆರೆಯಿಂದ 2 ಕಿ.ಮೀ. ಒಳಗಿನ ಬಾವಿಗಳನ್ನು ತೆಗೆದುಕೊಳ್ಳುವುದು. ಕಾರಣ: 2021ರ ಅತಿಯಾದ ಮಳೆಯ ಪರಿಣಾಮವನ್ನು ಯೋಜನೆಯ ಪರಿಣಾಮದಿಂದ ಬೇರ್ಪಡಿಸಬೇಕಿದೆ.
>
> 3. ನನಗೆ ಸ್ಪಷ್ಟವಾಗದಿರುವುದು: ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ತಾವು ಹೇಳಿದಿರಿ. ಅದನ್ನು (ಅ) ಒಂದೇ ಹೋಬಳಿಯ ಕೆರೆಗಳನ್ನು ಮಾತ್ರ ಹೋಲಿಸುವ ಮೂಲಕ ಮಾಡುವುದೇ, ಅಥವಾ (ಆ) ಹೋಬಳಿವಾರು ಮಳೆಯ ಅಳತೆಯನ್ನು ವಿಶ್ಲೇಷಣೆಯಲ್ಲೂ ಸೇರಿಸಿಕೊಳ್ಳುವುದೇ? (ಆ) ಸೂಕ್ತವೆಂದು ನನಗೆ ತೋರುತ್ತದೆ, ಏಕೆಂದರೆ ಒಂದೇ ಹೋಬಳಿಯಲ್ಲಿ ಎರಡೂ ಬಗೆಯ ಕೆರೆಗಳು ಸಾಕಷ್ಟು ದೊರೆಯದಿರಬಹುದು.
>
> 4. ಷರತ್ತಿಗೆ ಒಳಪಟ್ಟದ್ದು: ಅಧ್ಯಯನದ ಅವಧಿ 2013ರಿಂದ 2023. 2018ಕ್ಕೆ ಮೊದಲಿನ ದಾಖಲೆಗಳಲ್ಲಿ ಖಾಲಿ ತಿಂಗಳುಗಳು ಹೆಚ್ಚಾಗಿದ್ದರೆ 2015ರಿಂದ ಆರಂಭಿಸುವುದು. ದಾಖಲೆ ಕೈಗೆ ಬಂದ ಮೇಲೆ ಇದನ್ನು ತಮ್ಮ ಗಮನಕ್ಕೆ ತರುತ್ತೇನೆ.
>
> 5. ಭೇಟಿಯ ನಂತರ ನನಗೆ ಹೊಳೆದದ್ದು, ಚರ್ಚೆಯಾಗಿಲ್ಲ: ಕೋಲಾರದ ಕೆರೆಗಳು ಸರಣಿಯಾಗಿರುವುದರಿಂದ ನೀರು ತುಂಬಿದ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹರಿಯುತ್ತದೆ. ಪಟ್ಟಿಯಲ್ಲಿ ‘ತುಂಬದ ಕೆರೆ’ ಎಂದಿರುವ ಕೆಲವಕ್ಕೆ ಹೀಗೆ ಯೋಜನೆಯ ನೀರು ಬಂದಿರಬಹುದು. ಅಂತಹ ಕೆರೆಗಳನ್ನು ಹೋಲಿಕೆಯಿಂದ ಬಿಡಲು ಅನುಮತಿ ಕೋರುತ್ತೇನೆ.
>
> 6. ಸದ್ಯಕ್ಕೆ ಬದಿಗಿಟ್ಟದ್ದು: ರೈತರ ಸಂದರ್ಶನವನ್ನು ಕೊನೆಯ ಅಧ್ಯಾಯಕ್ಕೆ ಪರಿಗಣಿಸಬಹುದೆಂದು ತಾವು ಸೂಚಿಸಿದಿರಿ. ಇದು ಇನ್ನೂ ತೀರ್ಮಾನವಾಗಿಲ್ಲವೆಂದು ಭಾವಿಸಿದ್ದೇನೆ.
>
> ಮುಂದಿನ ಕೆಲಸ: ವೀಕ್ಷಣಾ ಬಾವಿಗಳ ದಾಖಲೆ ಕೋರಿ ಅಂತರ್ಜಲ ನಿರ್ದೇಶನಾಲಯಕ್ಕೆ ಬರೆಯುವ ಪತ್ರದ ಕರಡನ್ನು ಲಗತ್ತಿಸಿದ್ದೇನೆ. ಅದಕ್ಕೆ ತಮ್ಮ ಸಹಿ ಬೇಕಿದೆ. ಜೂನ್ 20ರ ಒಳಗೆ ಯಾವ ದಿನ ಬರಲಿ ಎಂದು ತಿಳಿಸಿದರೆ ಬರುತ್ತೇನೆ. ಕೆರೆಗಳ ಎರಡು ಪಟ್ಟಿಗಳನ್ನು ಜುಲೈ 10ರೊಳಗೆ ಕಳುಹಿಸುತ್ತೇನೆ.
>
> ತಮ್ಮ ವಿಧೇಯ ವಿದ್ಯಾರ್ಥಿನಿ

ಮೊದಲಿಗೆ ವಿಷಯದ ಸಾಲು. ‘ಭೇಟಿಯ ಬಗ್ಗೆ’ ಎಂದೋ ‘ನಮಸ್ತೆ ಮೇಡಂ’ ಎಂದೋ ಬರೆದ ಇಮೇಲ್ ಒಂದು ವರ್ಷದ ನಂತರ ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ದಿನಾಂಕವಿದೆ, ಪ್ರಬಂಧವೆಂಬ ಪದವಿದೆ, ಉತ್ತರ ಬೇಕೆಂಬ ಸೂಚನೆಯೂ ಇದೆ. ಸಾರವನ್ನಷ್ಟೇ ಕಳುಹಿಸಿದರೆ ಓದಿ ಮುಚ್ಚಿಡುವವರು, ಪ್ರಶ್ನೆಗಳೆಷ್ಟು ಎಂದು ಮೊದಲೇ ತಿಳಿದರೆ ಆ ಎರಡಕ್ಕಾದರೂ ಉತ್ತರ ಬರೆಯುತ್ತಾರೆ. ಅದೇ ಕಾರಣಕ್ಕೆ ಯಾವ ಅಂಶಗಳಿಗೆ ಉತ್ತರ ಬೇಕೆಂಬುದು ಪತ್ರದ ಆರಂಭದಲ್ಲೂ ಬಂದಿದೆ. ಕೊನೆಯ ಪ್ಯಾರಾದಲ್ಲಿ ಹುದುಗಿಸಿದ ಪ್ರಶ್ನೆಯನ್ನು ಫೋನಿನಲ್ಲಿ ಓದುವವರು ಬಹುಮಟ್ಟಿಗೆ ತಲುಪುವುದೇ ಇಲ್ಲ.

ಪ್ರಬಂಧದ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ, ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಬರೆದಿರುವುದು ನನ್ನ ದೃಷ್ಟಿಯಲ್ಲಿ ಈ ಇಮೇಲ್‌ನ ಅತ್ಯಂತ ಬೆಲೆಯುಳ್ಳ ಭಾಗ. ಮಾತಿನಲ್ಲಿ ‘ಅಂತರ್ಜಲಕ್ಕೆ ಸೀಮಿತಗೊಳಿಸೋಣ’ ಎಂದು ಇಬ್ಬರೂ ಒಪ್ಪಿರಬಹುದು. ಆದರೆ ಒಬ್ಬರ ಮನಸ್ಸಿನಲ್ಲಿ ಇಡೀ ಜಿಲ್ಲೆ, ಇನ್ನೊಬ್ಬರ ಮನಸ್ಸಿನಲ್ಲಿ ಒಂದು ತಾಲ್ಲೂಕು ಇದ್ದಿರಲು ಸಾಧ್ಯ. ವಾಕ್ಯ ಬರೆಯಲು ಕುಳಿತಾಗ ಸ್ಥಳ, ಅಳೆಯುವ ವಸ್ತು, ಹೋಲಿಕೆ ಮೂರನ್ನೂ ಹೆಸರಿಸಲೇಬೇಕಾಗುತ್ತದೆ. ಆ ವಾಕ್ಯ ಬರೆಯಲು ಬರುತ್ತಿಲ್ಲವೆಂದರೆ ಭೇಟಿಯಲ್ಲಿ ದಿಕ್ಕು ಇನ್ನೂ ನಿಶ್ಚಯವಾಗಿಲ್ಲವೆಂದೇ ತಿಳಿಯಬೇಕು. ಆಗ ಒಪ್ಪಿಗೆ ಕೋರುವ ಬದಲು ‘ಪ್ರಶ್ನೆಯನ್ನು ಹೀಗೆ ಬರೆದರೆ ಸರಿಯಾಗುವುದೇ’ ಎಂದು ಎರಡು ರೂಪಗಳನ್ನು ಮುಂದಿಡುವುದು ಪ್ರಾಮಾಣಿಕವಾದ ದಾರಿ.

1 ಮತ್ತು 2ನೇ ಅಂಶಗಳಲ್ಲಿ ತೀರ್ಮಾನದ ಜೊತೆಗೆ ಕಾರಣವೂ ಇದೆ. ಕಾರಣಕ್ಕೆ ಒಂದು ವಾಕ್ಯ ಹೆಚ್ಚಾಗುತ್ತದೆ, ಆದರೆ ಅದನ್ನು ಬಿಡಬಾರದು. ಸಂಶೋಧನಾ ಸಲಹಾ ಸಮಿತಿಯಲ್ಲಿ ಯಾರಾದರೂ ‘ಕೆ.ಸಿ. ವ್ಯಾಲಿ ಎಂದ ಮೇಲೆ ನೀರಿನ ಗುಣಮಟ್ಟವನ್ನೇ ಬಿಟ್ಟರೆ ಹೇಗೆ’ ಎಂದು ಕೇಳುವುದು ಹೆಚ್ಚುಕಡಿಮೆ ಖಚಿತ. ಆಗ ವಿದ್ಯಾರ್ಥಿನಿಗೆ ಬೇಕಾಗುವುದು ‘ಮೇಡಂ ಬೇಡ ಎಂದರು’ ಎಂಬ ಉತ್ತರಕ್ಕಿಂತ, ಹೋಲಿಸಲು ಹಳೆಯ ಮಾದರಿಗಳಿಲ್ಲ ಎಂಬ ಕಾರಣ. ಕಾರಣ ಬರೆದಿದ್ದರೆ ಪರಿಸ್ಥಿತಿ ಬದಲಾದದ್ದೂ ಕಣ್ಣಿಗೆ ಬೀಳುತ್ತದೆ. ಮುಂದೊಂದು ದಿನ ಆ ಬಾವಿಗಳದೇ ಹಳೆಯ ಪರೀಕ್ಷಾ ವರದಿಗಳು ಯಾವುದಾದರೂ ಕಚೇರಿಯಲ್ಲಿ ಸಿಕ್ಕರೆ, ಒಂದನೇ ತೀರ್ಮಾನವನ್ನು ಮತ್ತೆ ಕೇಳಬಹುದೆಂದು ಇಬ್ಬರಿಗೂ ಗೊತ್ತಾಗುತ್ತದೆ.

ಮೂರನೇ ಅಂಶದಲ್ಲಿ ಆಕೆ ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದೇ ಬರೆದಿದ್ದಾರೆ. ನಮ್ಮಲ್ಲಿ ಇದಕ್ಕೆ ಹಿಂಜರಿಯುವವರು ಹೆಚ್ಚು. ಮಾರ್ಗದರ್ಶಕರ ಎದುರು ತಲೆಯಾಡಿಸಿ ಬಂದ ಮೇಲೆ ಮರುದಿನ ‘ತಿಳಿಯಲಿಲ್ಲ’ ಎಂದು ಬರೆಯುವುದು ಅವಿನಯವಾಗಬಹುದೆಂಬ ಅಳುಕು ಸಹಜವೇ. ಆದರೆ ಕೇಳುವ ರೀತಿಯಿಂದ ಅದು ಹಗುರವಾಗುತ್ತದೆ. ‘ಮಳೆಯ ಬಗ್ಗೆ ಏನು ಮಾಡಲಿ?’ ಎಂದು ಕೇಳಿದರೆ ಮಾರ್ಗದರ್ಶಕಿ ಮತ್ತೊಂದು ಭೇಟಿಯಷ್ಟು ಉದ್ದದ ಉತ್ತರ ಬರೆಯಬೇಕಾಗುತ್ತದೆ. ಎರಡು ದಾರಿಗಳನ್ನು ಹೆಸರಿಸಿ, ತನ್ನ ಒಲವು ಯಾವ ಕಡೆ, ಏಕೆ ಎಂದು ಹೇಳಿದ್ದರಿಂದ ಅವರು ಒಂದೇ ಅಕ್ಷರದಲ್ಲಿ ಉತ್ತರಿಸಬಹುದು. ಕರ್ನಾಟಕದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ ಮಟ್ಟದಲ್ಲಿ ಇರುವುದರಿಂದ ಎರಡನೇ ದಾರಿ ಬರೀ ಬಯಕೆಯಲ್ಲ, ಮಾಡಲು ಸಾಧ್ಯವಿರುವ ಕೆಲಸ.

ಐದನೇ ಅಂಶದ ಬಗ್ಗೆ ಹೆಚ್ಚು ಎಚ್ಚರ ಬೇಕು. ಭೇಟಿ ಮುಗಿದ ಮೇಲೆ, ಮಾತಿನ ಕಾವಿನಲ್ಲಿ, ಹೊಸ ಯೋಚನೆಗಳು ಬರುತ್ತವೆ. ಅವು ಒಳ್ಳೆಯ ಯೋಚನೆಗಳೇ ಆಗಿರಬಹುದು. ಇಲ್ಲಿನದಂತೂ ನಿಜಕ್ಕೂ ಒಳ್ಳೆಯದು, ಏಕೆಂದರೆ ಹೋಲಿಕೆಯ ಕೆರೆಗೇ ಯೋಜನೆಯ ನೀರು ಹರಿದಿದ್ದರೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಕಡಿಮೆಯಾಗಿ ಕಾಣುತ್ತದೆ, ಯೋಜನೆಯ ಪರಿಣಾಮ ಇರುವುದಕ್ಕಿಂತ ಸಣ್ಣದೆಂದು ಬರುತ್ತದೆ. ಆದರೂ ಅದನ್ನು ‘ಚರ್ಚಿಸಿದಂತೆ’ ಎಂಬ ಪದದ ಕೆಳಗೆ ನುಸುಳಿಸುವುದು ಸರಿಯಲ್ಲ. ಮಾರ್ಗದರ್ಶಕಿ ತಾವು ಹೇಳದ ಮಾತೊಂದನ್ನು ಆ ಪಟ್ಟಿಯಲ್ಲಿ ಕಂಡರೆ ಉಳಿದ ಐದು ಅಂಶಗಳನ್ನೂ ಅನುಮಾನದಿಂದ ಓದುತ್ತಾರೆ, ಮುಂದಿನ ಇಮೇಲ್‌ಗಳನ್ನೂ ಹಾಗೆಯೇ ಓದುತ್ತಾರೆ. ‘ಚರ್ಚೆಯಾಗಿಲ್ಲ’ ಎಂಬ ಒಂದು ಮಾತಿನಿಂದ ಆ ಅಪಾಯ ತಪ್ಪುತ್ತದೆ.

ಇದೇ ಭೇಟಿಯ ಸಾರವನ್ನು ಬೇರೊಂದು ರೀತಿಯಲ್ಲೂ ಬರೆಯಬಹುದಿತ್ತು, ಬಹುತೇಕ ಇಮೇಲ್‌ಗಳು ಹಾಗೆಯೇ ಇರುತ್ತವೆ: ‘ಮೇಡಂ, ನಿನ್ನೆಯ ಚರ್ಚೆ ಬಹಳ ಉಪಯುಕ್ತವಾಗಿತ್ತು. ತಾವು ಸೂಚಿಸಿದಂತೆ ಅಂತರ್ಜಲದ ಮೇಲೆ ಗಮನ ಹರಿಸಿ, ಹೋಲಿಕೆಯ ವಿಧಾನವನ್ನು ಬಳಸಿ, ರೈತರ ಸಂದರ್ಶನವನ್ನೂ ಸೇರಿಸಿಕೊಂಡು ಅಧ್ಯಯನವನ್ನು ಮುಂದುವರಿಸುತ್ತೇನೆ. ತಮ್ಮ ಮಾರ್ಗದರ್ಶನಕ್ಕೆ ಸದಾ ಋಣಿ.’ ಇದರಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸುವಂಥದ್ದು ಏನೂ ಇಲ್ಲ. ಆದರೆ ಏನನ್ನು ಏನಿನೊಂದಿಗೆ ಹೋಲಿಸುವುದೆಂಬುದು ಇಲ್ಲ, ಕೈಬಿಟ್ಟ ವಿಷಯಗಳ ಉಲ್ಲೇಖವಿಲ್ಲ, ಬರೀ ಸಲಹೆಯಾಗಿದ್ದ ಸಂದರ್ಶನ ಸದ್ದಿಲ್ಲದೆ ಪ್ರಬಂಧದ ಭಾಗವಾಗಿಬಿಟ್ಟಿದೆ. ಇದಕ್ಕೆ ಮಾರ್ಗದರ್ಶಕಿ ‘ಸರಿ, ಮುಂದುವರಿಸಿ’ ಎಂದು ಉತ್ತರಿಸಿದರೆ ಅವರು ಯಾವುದಕ್ಕೆ ಒಪ್ಪಿದರೆಂದು ಯಾರಿಗೂ ಹೇಳಲು ಬಾರದು. ತಾನು ಬರೆದ ಇಮೇಲ್ ಈ ಬಗೆಯದೋ ಎಂದು ಪರೀಕ್ಷಿಸಲು ಒಂದು ದಾರಿಯಿದೆ: ಮಾರ್ಗದರ್ಶಕರು ಇದರಲ್ಲಿ ‘ಇಲ್ಲ, ಹಾಗಲ್ಲ’ ಎಂದು ತಿದ್ದಬಹುದಾದ ವಾಕ್ಯ ಯಾವುದು ಎಂದು ಹುಡುಕಬೇಕು. ತಿದ್ದಲು ಏನೂ ಸಿಗದ ಸಾರದಲ್ಲಿ ದೃಢೀಕರಿಸಲೂ ಏನೂ ಇರುವುದಿಲ್ಲ.

ನಮ್ಮ ವಿದ್ಯಾರ್ಥಿನಿಗೆ ಸೋಮವಾರ ಬಂದ ಉತ್ತರ ನಾಲ್ಕು ಸಾಲಿನದು: ‘ಸಾರ ಚೆನ್ನಾಗಿದೆ. 3ಕ್ಕೆ (ಆ). 5 ಸರಿ, ಆದರೆ ಯಾವ ಕೆರೆಯನ್ನು ಏಕೆ ಬಿಟ್ಟಿರಿ ಎಂದು ಪಟ್ಟಿಯಲ್ಲಿ ಬರೆಯಿರಿ. 2ರಲ್ಲಿ ತಿದ್ದುಪಡಿ: ಸುತ್ತ 2 ಕಿ.ಮೀ. ಎಂದು ನಾನು ಹೇಳಲಿಲ್ಲ, ಕೆರೆಯ ಕೆಳಗೆ, ಅಚ್ಚುಕಟ್ಟಿನ ಕಡೆಯ ಬಾವಿಗಳು ಎಂದೆ. ಗುರುವಾರ 11ಕ್ಕೆ ಸಹಿಗೆ ಬನ್ನಿ.’

ಈ ತಿದ್ದುಪಡಿಯೇ ಇಮೇಲ್ ಬರೆದದ್ದರ ಫಲ. ವಿದ್ಯಾರ್ಥಿನಿಯ ಕಿವಿಗೆ ಬಿದ್ದದ್ದು ‘2 ಕಿ.ಮೀ.’ ಎಂಬ ಅಂಕಿ, ಮಾರ್ಗದರ್ಶಕಿಯ ಮನಸ್ಸಿನಲ್ಲಿದ್ದದ್ದು ದಿಕ್ಕು. ಏರಿಯ ಹಿಂದೆ ನಿಂತ ನೀರು ಇಂಗಿ ಸಾಮಾನ್ಯವಾಗಿ ಇಳಿಜಾರಿನ ಕಡೆಗೆ, ಅಂದರೆ ಅಚ್ಚುಕಟ್ಟಿನ ಕಡೆಗೆ ಸಾಗುತ್ತದೆ. ಕೆರೆಯ ಮೇಲ್ಭಾಗದ ದಿಣ್ಣೆಯಲ್ಲಿರುವ ಬಾವಿ ಹತ್ತಿರದಲ್ಲೇ ಇದ್ದರೂ ಅದರಲ್ಲಿ ಏರಿಕೆ ಕಾಣದಿರಬಹುದು. ಕೋಲಾರದ ನೆಲದಡಿ ಇರುವುದು ಗಟ್ಟಿ ಶಿಲೆ, ನೀರು ಅದರ ಶಿಥಿಲಗೊಂಡ ಪದರ ಮತ್ತು ಬಿರುಕುಗಳಲ್ಲಿ ಮಾತ್ರ ಹರಿಯುತ್ತದೆ, ಹಾಗಾಗಿ ಬರಿಯ ದೂರ ಅಲ್ಲಿ ಇನ್ನೂ ಕಡಿಮೆ ಹೇಳುತ್ತದೆ. ಕೆರೆಯ ಸುತ್ತ ವೃತ್ತ ಎಳೆದು ಬಾವಿಗಳನ್ನು ಆರಿಸಿದ್ದರೆ ಮೇಲಿನ ಮತ್ತು ಕೆಳಗಿನ ಬಾವಿಗಳು ಬೆರೆತು ಸರಾಸರಿ ತಗ್ಗುತ್ತಿತ್ತು. ಆ ತಪ್ಪು ಬಾವಿಗಳ ದಾಖಲೆಯೆಲ್ಲ ಸೇರಿಸಿ, ಲೆಕ್ಕ ಮುಗಿದ ಮೇಲೆ ಮಾತ್ರ ಬೆಳಕಿಗೆ ಬರುತ್ತಿತ್ತು.

ತಿದ್ದುಪಡಿ ಬಂದ ಮೇಲೆ ಇನ್ನೊಂದು ಸಣ್ಣ ಕೆಲಸ ಉಳಿಯುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಅದೇ ಇಮೇಲ್‌ಗೆ ಉತ್ತರವಾಗಿ, ಹೊಸ ವಿಷಯ ಸಾಲು ಹಾಕದೆ, ‘2ನೇ ಅಂಶವನ್ನು ಹೀಗೆ ತಿದ್ದಿಕೊಂಡಿದ್ದೇನೆ: ಎರಡೂ ಗುಂಪಿನಲ್ಲಿ ಕೆರೆಯ ಅಚ್ಚುಕಟ್ಟಿನ ಕಡೆಯ ಬಾವಿಗಳು. ಗುರುವಾರ 11ಕ್ಕೆ ಬರುತ್ತೇನೆ’ ಎಂದು ಬರೆದು ಕಳುಹಿಸಬೇಕು. ಇಲ್ಲವಾದರೆ ಆರು ತಿಂಗಳ ನಂತರ ತಾನೇ ಮೊದಲ ಇಮೇಲ್ ತೆರೆದು ‘2 ಕಿ.ಮೀ.’ ಎಂಬುದನ್ನೇ ನಕಲು ಮಾಡಿಕೊಳ್ಳುವ ಸಾಧ್ಯತೆಯಿದೆ. ಸಹಮಾರ್ಗದರ್ಶಕರು ಇದ್ದರೆ ಅವರಿಗೂ ಪ್ರತಿ ಹೋಗಬೇಕು. ಆದರೆ ಹಾಗೆ ಪ್ರತಿ ಕಳುಹಿಸುವುದಾಗಿ ಮುಖ್ಯ ಮಾರ್ಗದರ್ಶಕರಿಗೆ ಭೇಟಿಯಲ್ಲೇ ಹೇಳಿರುವುದು ಒಳ್ಳೆಯದು, ಏಕೆಂದರೆ ಇಬ್ಬರ ನಡುವೆ ಇನ್ನೂ ಮಾತಾಗದ ವಿಷಯವನ್ನು ವಿದ್ಯಾರ್ಥಿ ಬರಹದಲ್ಲಿ ಮುಂದಿಟ್ಟರೆ ಮುಜುಗರವಾಗುವುದು ಇಬ್ಬರು ಹಿರಿಯರಿಗೂ.

ಉತ್ತರವೇ ಬಾರದಿದ್ದರೆ? ‘ತಮ್ಮಿಂದ ಉತ್ತರ ಬಾರದಿದ್ದರೆ ಒಪ್ಪಿಗೆಯಿದೆ ಎಂದು ಭಾವಿಸುತ್ತೇನೆ’ ಎಂದು ಇಮೇಲ್‌ನ ಕೊನೆಯಲ್ಲಿ ಬರೆಯುವ ರೂಢಿ ಕೆಲವರಲ್ಲಿದೆ. ಕಚೇರಿಯ ಸಮಾನರ ನಡುವೆ ಅದು ನಡೆಯಬಹುದು, ಮಾರ್ಗದರ್ಶಕರಿಗೆ ಬರೆಯುವಾಗ ಗಡುವು ವಿಧಿಸಿದಂತೆ ಕೇಳಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಓದದ ಇಮೇಲ್‌ನ ಮೌನಕ್ಕೆ ಯಾವ ಅರ್ಥವೂ ಇರುವುದಿಲ್ಲ. ವಾರದೊಳಗೆ ಉತ್ತರ ಬಾರದಿದ್ದರೆ ಅದೇ ಇಮೇಲ್‌ನ ಮೇಲೆ, ಉತ್ತರ ಬೇಕಾದ ಎರಡು ಪ್ರಶ್ನೆಗಳನ್ನು ಮಾತ್ರ ಮತ್ತೊಮ್ಮೆ ಬರೆದು ಕಳುಹಿಸಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ ಇಮೇಲ್‌ನ ಮುದ್ರಿತ ಪ್ರತಿ ಹಿಡಿದು ಕೊಠಡಿಗೆ ಹೋಗಿ ಕೇಳುವುದೇ ನಮ್ಮ ವಿಭಾಗಗಳಲ್ಲಿ ನಡೆಯುವ ರೀತಿ. ಅವರು ಪ್ರತಿಯ ಅಂಚಿನಲ್ಲಿ ಪೆನ್ನಿನಿಂದ ‘ಆ’ ಎಂದು ಬರೆದರೆ, ಆ ಹಾಳೆಯ ಚಿತ್ರವನ್ನು ಅದೇ ಇಮೇಲ್ ಸರಣಿಗೆ ಸೇರಿಸಿ ‘ಇಂದು ತಾವು ತಿಳಿಸಿದಂತೆ’ ಎಂದು ದಾಖಲಿಸಿಕೊಳ್ಳಬಹುದು. ಅಲ್ಲಿಯವರೆಗೆ ಕೆಲಸ ನಿಲ್ಲಿಸಬೇಕಾಗಿಲ್ಲ. ಕೆರೆಗಳ ಪಟ್ಟಿ ಮಾಡುವಂತಹ, ಮೂರನೇ ಪ್ರಶ್ನೆಗೆ ಯಾವ ಉತ್ತರ ಬಂದರೂ ಬೇಕಾಗುವ ಕೆಲಸಗಳನ್ನು ಮಾಡುತ್ತಿರಬಹುದು. ಉತ್ತರದ ಮೇಲೆ ನಿಂತಿರುವ ವಿಶ್ಲೇಷಣೆಯನ್ನು ಮಾತ್ರ ಆರಂಭಿಸಬಾರದು.

ಹೀಗೆ ದೃಢಪಟ್ಟ ಇಮೇಲ್‌ಗೂ ಒಂದು ಮಿತಿಯಿದೆ. ಅದು ವಿದ್ಯಾರ್ಥಿ ಮತ್ತು ಮಾರ್ಗದರ್ಶಕರ ನಡುವಿನ ತಿಳುವಳಿಕೆ ಮಾತ್ರ. 2022ರ ನಿಯಮಾವಳಿಯಂತೆ ಸಂಶೋಧನಾ ಪ್ರಸ್ತಾವವನ್ನು ಪರಿಶೀಲಿಸಿ ವಿಷಯವನ್ನು ಅಂತಿಮಗೊಳಿಸುವ ಕೆಲಸ ಸಂಶೋಧನಾ ಸಲಹಾ ಸಮಿತಿಯದು, ಪ್ರತಿ ಸೆಮಿಸ್ಟರಿನಲ್ಲಿ ಪ್ರಗತಿಯನ್ನು ಮಂಡಿಸಬೇಕಾದದ್ದೂ ಅದರ ಮುಂದೆಯೇ. ನಮ್ಮ ವಿದ್ಯಾರ್ಥಿನಿಯ ವಿಷಯ ಈ ಮೊದಲೇ ‘ಅಂತರ್ಜಲ, ಕೃಷಿ ಮತ್ತು ಜನಾರೋಗ್ಯ’ ಎಂಬ ಶೀರ್ಷಿಕೆಯಲ್ಲಿ ನೋಂದಣಿಯಾಗಿದ್ದರೆ, ಎರಡು ಪದಗಳನ್ನು ಕೈಬಿಡಲು ಮಾರ್ಗದರ್ಶಕಿಯ ಇಮೇಲ್ ಸಾಲದು, ತಮ್ಮ ವಿಶ್ವವಿದ್ಯಾಲಯದ ಕ್ರಮದಂತೆ ಸಮಿತಿಯ ಮೂಲಕ ಶೀರ್ಷಿಕೆ ಬದಲಾವಣೆಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಅದಕ್ಕೆ ಸಮಿತಿಯ ಮುಂದಿನ ಸಭೆ ಯಾವಾಗ, ಅರ್ಜಿ ಯಾರ ಮೂಲಕ ಹೋಗಬೇಕು ಎಂಬುದನ್ನು ವಿಭಾಗದ ಕಚೇರಿಯಲ್ಲಿ ವಿಚಾರಿಸಿ, ಗುರುವಾರ ಸಹಿಗೆ ಹೋದಾಗಲೇ ಆ ಅರ್ಜಿಯ ಕರಡನ್ನೂ ಜೊತೆಗೆ ಒಯ್ಯಬಹುದು. ಕಾರಣ ಬರೆಯುವ ಜಾಗಕ್ಕೆ ಇಮೇಲ್‌ನ 1 ಮತ್ತು 2ನೇ ಅಂಶಗಳು, ಬಾವಿಗಳ ತಿದ್ದುಪಡಿಯನ್ನು ಸೇರಿಸಿಕೊಂಡು, ಹೆಚ್ಚುಕಡಿಮೆ ಇದ್ದ ಹಾಗೆಯೇ ಹೊಂದುತ್ತವೆ.